ಎಟಿಎಂ ಹಣ ತಡವಾಗಿ ವಾಪಸ್: ದಿನಕ್ಕೆ ₹100 ಪರಿಹಾರ ಪಡೆದದ್ದು ಹೀಗೆ

ಎಟಿಎಂನಲ್ಲಿ ನೋಟು ಬರಲಿಲ್ಲ, ಖಾತೆಯಿಂದ ₹10,000 ಕಡಿತವಾಯಿತು. ಹಣ ಮರಳಿದ್ದು ತುಂಬ ತಡವಾಗಿ, ಅದೂ ಅಸಲು ಮಾತ್ರ. ಸಹಾಯವಾಣಿಗೆ ಕರೆ ಮಾಡಿದರೆ ‘ಹಣ ಬಂದಿದೆ, ದೂರು ಮುಗಿದಿದೆ’ ಎಂದರು. ಎಟಿಎಂ ಇಟ್ಟಿದ್ದ ಬ್ಯಾಂಕಿನವರು ಕೈಚೆಲ್ಲಿದರು. ಯಾರ ಎಟಿಎಂ ಆದರೂ ದೂರು ಕೊಡಬೇಕಾದದ್ದು ಕಾರ್ಡ್ ಕೊಟ್ಟ ಬ್ಯಾಂಕಿಗೇ.

ಕೆಲಸ ಮಾಡಿದ್ದು ಲಿಖಿತ ದೂರು. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಇಂಥ ಹಣ ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ಮರಳಬೇಕು. ನಂತರ ದಿನಕ್ಕೆ ₹100, ಗ್ರಾಹಕ ಕೇಳದಿದ್ದರೂ. ಲೆಕ್ಕವನ್ನು ದೂರಿನಲ್ಲೇ ಬರೆದೆ: ವಹಿವಾಟು 3ನೇ ತಾರೀಖು, ಗಡುವು 8, ಜಮೆ 20, ತಡ 12 ದಿನ, ಬಾಕಿ ₹1,200. ಜೊತೆಗೆ ಸ್ಟೇಟ್‌ಮೆಂಟ್ ಮತ್ತು ವಹಿವಾಟಿನ ಸಂಖ್ಯೆ. ದೂರಿನ ಸಂಖ್ಯೆ ಕೇಳಿ ಪಡೆಯಿರಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

30 ದಿನ ಕಳೆದರೂ ಉತ್ತರ ಬರಲಿಲ್ಲ. ಆಮೇಲೆಯೇ cms.rbi.org.in ನಲ್ಲಿ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಹಾಕಿದೆ. ಬ್ಯಾಂಕಿಗೆ ಮೊದಲು ದೂರು ಕೊಡದೆ ಹೋದರೆ ಅದು ತಿರಸ್ಕೃತವಾಗುತ್ತದೆ. ಬ್ಯಾಂಕಿಗೆ ದೂರು ಕೊಟ್ಟ ದಿನಾಂಕ ತುಂಬಿ, ಅದರ ಪ್ರತಿ ಲಗತ್ತಿಸಿ, ಕೇಳುವ ಮೊತ್ತ ₹1,200 ಎಂದಷ್ಟೇ ಬರೆದೆ. ಶುಲ್ಕವಿಲ್ಲ, ವಕೀಲರೂ ಬೇಡ. ಪ್ರಕರಣ ಬ್ಯಾಂಕಿಗೆ ಹೋದ ಮೇಲೆ ಪೂರ್ತಿ ಮೊತ್ತ ಜಮೆಯಾಯಿತು.