ಆಟಿ ತಿಂಗಳ ತರಕಾರಿಗೆ ಜನವರಿಯಲ್ಲೇ ದುಡ್ಡು

ನನ್ನ ತಂಗಿಯ ಮಗಳು ಕಾಸರಗೋಡಿನ ಬದಿಯಡ್ಕ ಪೇಟೆಯ ಹತ್ತಿರ ಬಾಡಿಗೆ ಮನೆಯಲ್ಲಿದ್ದಾಳೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಕಳೆದ ಮಳೆಗಾಲದಲ್ಲಿ ಒಂದು ದಿನ ಫೋನ್ ಮಾಡಿ, "ದೊಡ್ಡಮ್ಮ, ಅಕ್ಕಿ, ಬೇಳೆ, ಹಾಲು ಎಲ್ಲ ಲೆಕ್ಕಕ್ಕೆ ಸಿಗ್ತದೆ. ತರಕಾರಿ ಮಾತ್ರ ಒಂದು ತಿಂಗಳು ಒಂದು ಥರ. ಎಷ್ಟು ಅಂತ ತೆಗೆದಿಡುವುದು?" ಅಂತ ಕೇಳಿದಳು. ಅವಳು ಹೇಳಿದ್ದು ಸರಿ. ದಿನಸಿ ಅಂಗಡಿಯ ಮೂರು ತಿಂಗಳ ಚೀಟಿ ನೋಡಿದರೆ ನಾಲ್ಕನೇ ತಿಂಗಳಿನದ್ದು ಹೆಚ್ಚು ಕಡಿಮೆ ಗೊತ್ತಾಗುತ್ತದೆ. ಹಾಲಿನದ್ದೂ ಹಾಗೆಯೇ. ತರಕಾರಿಗೆ ಆ ದಾರಿ ನಡೆಯುವುದಿಲ್ಲ. ಫೆಬ್ರವರಿಯ ಚೀಟಿ ನೋಡಿ ಜುಲೈಗೆ ದುಡ್ಡು ಇಟ್ಟರೆ ಸಾಲುವುದಿಲ್ಲ. ಜುಲೈಯದ್ದು ನೋಡಿ ಇಟ್ಟರೆ ಉಳಿದ ತಿಂಗಳು ಆ ಹಣ ಬೇರೆ ಯಾವುದಕ್ಕೋ ಹೋಗಿಬಿಡುತ್ತದೆ.

ಅವಳಿಗೆ ನಾನು ಮೊದಲು ಹೇಳಿದ್ದು, ರೂಪಾಯಿ ಬಿಟ್ಟು ಕಿಲೋ ಬರೆಯಲು. ಕ್ರಯ ನಮ್ಮ ಕೈಯಲ್ಲಿಲ್ಲ. ಮನೆಗೆ ಎಷ್ಟು ಬೇಕು ಎನ್ನುವುದು ಮಾತ್ರ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಒಂದು ತಿಂಗಳು ಪುಸ್ತಕದಲ್ಲಿ ತಂದದ್ದರ ತೂಕ ಬರೆ ಅಂದೆ. ಊರಿನಿಂದ ಅಮ್ಮ ಕಳಿಸಿದ ಬಸಳೆ, ತೊಂಡೆ, ಬಾಳೆದಿಂಡನ್ನೂ ತೂಗಿ ಬರೆಯಬೇಕು. ಇಲ್ಲಿ ತುಂಬ ಜನ ತಪ್ಪುತ್ತಾರೆ. ದುಡ್ಡು ಕೊಡದೆ ಬಂದದ್ದು ಅಂತ ಬಿಟ್ಟರೆ ಆ ತಿಂಗಳು ಸುಮ್ನೆ ಅಗ್ಗವಾಗಿ ಕಾಣುತ್ತದೆ. ಊರಿನಿಂದ ಚೀಲ ಬಾರದ ತಿಂಗಳು ಲೆಕ್ಕ ತಪ್ಪುತ್ತದೆ.

ಅವಳ ಪುಸ್ತಕದಲ್ಲಿ ತಿಂಗಳಿಗೆ 28 ಕಿಲೋ ಬಂತು. ದಿನಕ್ಕೆ ಒಂದು ಕಿಲೋಗೆ ಸ್ವಲ್ಪ ಕಡಿಮೆ. ಒಂದು ಸಾಂಬಾರು ಅಥವಾ ಕೊದ್ದೆಲು, ಒಂದು ಪಲ್ಯ, ರಾತ್ರಿಗೆ ಏನಾದರೂ ಸಣ್ಣದು ಮಾಡುವ ನಾಲ್ಕು ಜನರ ಮನೆಗೆ ಇದು ಸರಿಯಾದ ಲೆಕ್ಕವೇ. ಅದನ್ನು ಮೂರು ಪಾಲು ಮಾಡಿದೆವು. ಈರುಳ್ಳಿ 4, ಟೊಮೆಟೊ 4, ಬಟಾಟೆ 2, ಒಟ್ಟು ಹತ್ತು ಕಿಲೋ ಪ್ರತಿ ತಿಂಗಳೂ ಬೇಕಾದದ್ದು. ಅಲಸಂಡೆ, ಬೆಂಡೆ, ಹೀರೆ, ಪಡುವಲ, ಸೌತೆ, ಕುಂಬಳ, ಹರಿವೆ, ಬಸಳೆ ಮುಂತಾದ ಊರ ತರಕಾರಿ 12 ಕಿಲೋ. ಬೀನ್ಸ್, ಕ್ಯಾರೆಟ್, ಕೋಸು, ಬೀಟ್‌ರೂಟ್ ಥರದ ಘಟ್ಟದ ತರಕಾರಿ 6 ಕಿಲೋ. ಹಸಿಮೆಣಸು, ಶುಂಠಿ, ಕೊತ್ತಂಬರಿ ಸೊಪ್ಪಿಗೆ ತೂಕ ನೋಡಬೇಕಾಗಿಲ್ಲ, ಚಿಲ್ಲರೆ ಅಂತ ಒಂದು ಮೊತ್ತ ಸಾಕು.

ಹೀಗೆ ಪಾಲು ಮಾಡಲು ಕಾರಣವಿದೆ. ಈ ಮೂರರ ಕ್ರಯ ಏರುವುದು ಬೇರೆ ಬೇರೆ ಕಾರಣಕ್ಕೆ. ನಮ್ಮ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ತರಕಾರಿ ಹಾಕುತ್ತಾರೆ. ಹಾಗಾಗಿ ಡಿಸೆಂಬರಿನಿಂದ ಮಾರ್ಚಿನವರೆಗೆ ಊರ ತರಕಾರಿ ಧಾರಾಳ. ಜೂನಿನಲ್ಲಿ ಮಳೆ ಹಿಡಿದರೆ ಬಳ್ಳಿಯ ಹೂವು ಉದುರುತ್ತದೆ, ಮಿಡಿ ಕೊಳೆಯುತ್ತದೆ. ಘಟ್ಟದ ತರಕಾರಿ ಲಾರಿಯಲ್ಲಿ ಇಳಿದು ಬರಬೇಕು. 2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ನೆನಪಿರಬಹುದು. ಟೊಮೆಟೊ ಗಿಡ ಏಪ್ರಿಲ್, ಮೇ ಬಿಸಿಲಿಗೆ ಹೂ ಉದುರಿಸುತ್ತದೆ, ಅದರ ಪೆಟ್ಟು ಪೇಟೆಗೆ ತಾಗುವುದು ಜೂನ್, ಜುಲೈಯಲ್ಲಿ. ಈರುಳ್ಳಿಯದ್ದು ಮತ್ತೂ ಬೇರೆ. ಬೇಸಗೆಯಲ್ಲಿ ಕಿತ್ತು ದಾಸ್ತಾನು ಇಟ್ಟದ್ದು ಅಕ್ಟೋಬರಿನ ಹೊತ್ತಿಗೆ ಮುಗಿಯುತ್ತಾ ಬರುತ್ತದೆ. ಹೊಸದು ಬರುವುದು ತಡವಾದರೆ ಅಕ್ಟೋಬರ್, ನವೆಂಬರಿನಲ್ಲಿ ಏರುತ್ತದೆ. ಎಲ್ಲವನ್ನೂ "ತರಕಾರಿ" ಅಂತ ಒಂದೇ ಗೆರೆಯಲ್ಲಿ ಬರೆದರೆ ಇದು ಕಾಣುವುದಿಲ್ಲ.

ಇನ್ನು ರೂಪಾಯಿಗೆ ಬರೋಣ. ಕೆಳಗಿನ ಕ್ರಯಗಳು ನಾವಿಬ್ಬರು ಕೂತು ಹಾಕಿದ ಅಂದಾಜು. ನಿಮ್ಮ ಪೇಟೆಯದ್ದನ್ನು ನೀವು ಹಾಕಿಕೊಳ್ಳಿ, ಲೆಕ್ಕದ ದಾರಿ ಒಂದೇ. ಡಿಸೆಂಬರಿನಿಂದ ಮಾರ್ಚ್ ಅಗ್ಗದ ನಾಲ್ಕು ತಿಂಗಳು. ಈರುಳ್ಳಿ 30, ಟೊಮೆಟೊ 25, ಬಟಾಟೆ 35, ಊರ ತರಕಾರಿ ಸರಾಸರಿ 40, ಘಟ್ಟದ್ದು 45, ಚಿಲ್ಲರೆಗೆ 200. ಕಿಲೋ ಜೊತೆ ಗುಣಿಸಿ ಕೂಡಿಸಿದರೆ ತಿಂಗಳಿಗೆ 1240 ರೂಪಾಯಿ. ಜೂನಿನಿಂದ ಸೆಪ್ಟೆಂಬರ್ ದುಬಾರಿಯ ನಾಲ್ಕು ತಿಂಗಳು. ಈರುಳ್ಳಿ ಮತ್ತು ಬಟಾಟೆ 40, ಟೊಮೆಟೊ 70, ಊರ ತರಕಾರಿ 65, ಘಟ್ಟದ್ದು 80, ಚಿಲ್ಲರೆ 300. ಇದು 2080 ಆಯಿತು. ಉಳಿದ ಏಪ್ರಿಲ್, ಮೇ, ಅಕ್ಟೋಬರ್, ನವೆಂಬರ್ ನಡುವಿನದ್ದು. ಅದೇ ರೀತಿ ಕೂಡಿಸಿದಾಗ 1660 ಬಂತು.

ಈ ಹನ್ನೆರಡು ತಿಂಗಳನ್ನೂ ಕೂಡಿಸಿದರೆ 19,920. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1660. ನೆಂಟರು ಬರುತ್ತಾರೆ, ಮನೆಯಲ್ಲಿ ಒಂದು ಪೂಜೆ ಇರುತ್ತದೆ, ಸ್ವಲ್ಪ ಕೊಳೆತೂ ಹೋಗುತ್ತದೆ. ಅದಕ್ಕೆ ನೂರಕ್ಕೆ ಹತ್ತರಂತೆ ಸೇರಿಸಿ 1850 ಅಂತ ಗಟ್ಟಿ ಮಾಡಿದೆವು. ಇನ್ನು ವರ್ಷವಿಡೀ, ಪೇಟೆಯಲ್ಲಿ ಕ್ರಯ ಏನೇ ಇರಲಿ, ಸಂಬಳ ಬಂದ ದಿನ ತರಕಾರಿಯ ಡಬ್ಬಿಗೆ 1850 ಬೀಳಬೇಕು. ಜನವರಿಯಲ್ಲಿ 1240 ಖರ್ಚಾದರೆ ಉಳಿದ 610 ಡಬ್ಬಿಯಲ್ಲೇ ಇರಬೇಕು. ಅದು ಉಳಿತಾಯ ಅಲ್ಲ, ಆಟಿಯ ಮಳೆಗಾಲದ ತರಕಾರಿಯ ದುಡ್ಡು. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾನು ಸಂಸಾರ ಶುರು ಮಾಡಿದ ವರ್ಷ ಆ ಹಣದಲ್ಲಿ ಪಾತ್ರೆ ಕೊಂಡೆ. ಆ ಮಳೆಗಾಲ ತಿಂಗಳ ಕೊನೆಯ ವಾರ ಬರೀ ಸಾರು, ಉಪ್ಪಿನಕಾಯಿಯಲ್ಲಿ ಮಕ್ಕಳು ಉಂಡರು.

ಒಂದು ವಿಷಯ. ಈ ಲೆಕ್ಕವನ್ನು ಜೂನಿನಲ್ಲಿ ಶುರು ಮಾಡುವವರಿಗೆ ಡಬ್ಬಿ ಖಾಲಿ ಇರುತ್ತದೆ. ಅವರು ಮೊದಲ ಮಳೆಗಾಲಕ್ಕೆ 1850 ಇಟ್ಟರೆ ಸಾಲದು. ಸೆಪ್ಟೆಂಬರಿನವರೆಗೆ 2300 ಇಡಿ, ಆಮೇಲೆ 1850ಕ್ಕೆ ಇಳಿಸಿ.

ಟೊಮೆಟೊ ನೂರು ದಾಟಿದರೆ ಎಲ್ಲರಿಗೂ ಗಾಬರಿ. 2023ರ ಜುಲೈಯಲ್ಲಿ ದಾಟಿತ್ತು. ನಮ್ಮ ಲೆಕ್ಕದಲ್ಲಿ 70ರ ಬದಲು 120 ಆಯಿತು ಅನ್ನೋಣ. ನಾಲ್ಕು ಕಿಲೋಗೆ ಹೆಚ್ಚಾಗುವುದು 200 ರೂಪಾಯಿ. ಎರಡೇ ಕಿಲೋ ತಂದು, ಉಳಿದ ಹುಳಿಗೆ ಹುಣಸೆ, ಬಿಂಬುಳಿ, ಅಮಟೆಕಾಯಿ ಹಾಕಿದರೆ 240ರಲ್ಲಿ ಮುಗಿಯಿತು, ಅಂದರೆ ಮೊದಲು ಇಟ್ಟ 280ಕ್ಕಿಂತಲೂ ಕಡಿಮೆ. ನಿಜವಾಗಿ ಡಬ್ಬಿ ಖಾಲಿ ಮಾಡುವುದು ಟೊಮೆಟೊ ಅಲ್ಲ. ಊರ ತರಕಾರಿಯ ಆ 12 ಕಿಲೋ 40ರಿಂದ 65ಕ್ಕೆ ಏರುವುದು. ಅದೊಂದೇ 300 ರೂಪಾಯಿ, ಅದೂ ಪ್ರತಿ ತಿಂಗಳು. ಹಾಗಾಗಿ ನಾವು ಕೈ ಹಾಕಬೇಕಾದದ್ದು ಅಲ್ಲಿಗೆ.

ಅದಕ್ಕೆ ನಮ್ಮ ಹಿರಿಯರು ಕಂಡುಕೊಂಡ ದಾರಿ ಸಾಂಬಾರು ಸೌತೆ. ಬೇಸಗೆಯಲ್ಲಿ ಬಲಿತ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗಿಸುತ್ತಿದ್ದರು. ಮಳೆಗಾಲ ಪೂರ್ತಿ ಒಂದೊಂದೇ ಇಳಿಸುವುದು. ಬಾಡಿಗೆ ಮನೆಯಲ್ಲಿ ತೂಗಿಸಲು ಜಾಗ ಇಲ್ಲದಿದ್ದರೆ ಮಂಚದ ಅಡಿ ಒಣ ಪೇಪರ್ ಹಾಸಿ, ಒಂದಕ್ಕೊಂದು ತಾಗದ ಹಾಗೆ ಇಡಿ. ಚೆನ್ನಾಗಿ ಹಳದಿ ತಿರುಗಿದ, ತೊಟ್ಟು ಇರುವ, ಉಗುರು ತಾಗದ ಸೌತೆಯನ್ನೇ ಆರಿಸಬೇಕು. ಬಿದ್ದು ಪೆಟ್ಟಾದದ್ದು ಹೊರಗೆ ಏನೂ ಕಾಣದಿದ್ದರೂ ಒಳಗೆ ನೀರಾಗುತ್ತದೆ. ವಾರಕ್ಕೊಮ್ಮೆ ಎಲ್ಲವನ್ನೂ ತಿರುಗಿಸಿ ತೊಟ್ಟಿನ ಹತ್ತಿರ ಒತ್ತಿ ನೋಡಿ. ಮೆತ್ತಗಾದದ್ದನ್ನು ಅಂದೇ ಸಾಂಬಾರು ಮಾಡಿ. ವಿಷುವಿನ ಕಣಿಗೆ ಸೌತೆ ಬೇಕಾದ್ದರಿಂದ ಹಬ್ಬದ ಹಿಂದಿನ ದಿನಗಳಲ್ಲಿ ಕ್ರಯ ಏರುತ್ತದೆ. ಮಾರ್ಚಿನಲ್ಲೋ, ವಿಷು ಕಳೆದ ಮೇಲೋ ಕೊಳ್ಳಿ. ಡಬ್ಬಿಯ ಹಣದಲ್ಲಿ 15 ಕಿಲೋ ಕೊಂಡರೆ ನಾಲ್ಕು ಮಳೆ ತಿಂಗಳಿಗೂ ಹತ್ತಿರ ಹತ್ತಿರ ನಾಲ್ಕು ಕಿಲೋದಂತೆ ಹಂಚಿಹೋಗುತ್ತದೆ. ಬೂದಿ ಕಟ್ಟಿದ ಬಲಿತ ಕುಂಬಳಕ್ಕೂ ಇದೇ ಕ್ರಮ. ಮೇ ತಿಂಗಳಲ್ಲಿ ಹಾಕಿದ ಹಲಸಿನ ಉಪ್ಪುಸೊಳೆ ಇದ್ದರೆ ಅದನ್ನೂ ಕಿಲೋ ಲೆಕ್ಕಕ್ಕೆ ಸೇರಿಸಿ.

ಈರುಳ್ಳಿಯನ್ನು ಮಾತ್ರ ಹೀಗೆ ಕೂಡಿಡಲು ಹೋಗಬೇಡಿ. ಏಪ್ರಿಲ್‌ನಲ್ಲಿ ಅಗ್ಗ ಅಂತ ಚೀಲ ತಂದವರನ್ನು ನೋಡಿದ್ದೇನೆ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಮೊಳಕೆ ಬಂದು ಕಪ್ಪಾಗುತ್ತದೆ. ಮೂರು ವಾರಕ್ಕೆ ಬೇಕಾದಷ್ಟು ತನ್ನಿ, ಬುಟ್ಟಿಯಲ್ಲಿ ಗಾಳಿಗೆ ಹರಡಿ, ಬಟಾಟೆಯನ್ನು ದೂರ ಇಡಿ.

ಕ್ರಯ ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ಹೂಕೋಸು 50, ತೊಂಡೆ 60 ಅಂದರೆ ಹೂಕೋಸು ಅಗ್ಗ ಅಂತ ಅನಿಸುತ್ತದೆ ಅಲ್ವಾ? ಹೂಕೋಸಿನ ಎಲೆ, ದಂಟು ತೆಗೆದು ಉಳಿದದ್ದನ್ನು ತೂಗಿ ನೋಡಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ ಅಷ್ಟೇ. ತೊಂಡೆಯಲ್ಲಿ ಎರಡು ತುದಿ ಬಿಟ್ಟರೆ ಏನೂ ಹೋಗುವುದಿಲ್ಲ. ಬಾಣಲೆಗೆ ಬೀಳುವ ಕಿಲೋದ ಕ್ರಯ ನೋಡಿದರೆ ತೊಂಡೆಯೇ ಅಗ್ಗ. ಒಂದು ಸಲ ಹೀಗೆ ತೂಗಿದರೆ ಸಾಕು, ಆಮೇಲೆ ಕಣ್ಣಿಗೇ ಗೊತ್ತಾಗುತ್ತದೆ.

ಓಣಂ ನಮ್ಮ ಕಾಸರಗೋಡಿನಲ್ಲಿ ಬೇರೆಯೇ ಲೆಕ್ಕ. ಅತ್ತಂನಿಂದ ತಿರುವೋಣದವರೆಗಿನ ಹತ್ತು ದಿನ ಅಲಸಂಡೆ, ಚೀನಿಕಾಯಿ, ಸುವರ್ಣಗೆಡ್ಡೆ, ನೇಂದ್ರ ಎಲ್ಲ ಏರುತ್ತದೆ. ಕೆಡದ ತರಕಾರಿಯನ್ನು ಅದಕ್ಕೂ ಒಂದು ವಾರ ಮೊದಲೇ ತಂದಿಡಿ. ಹಸಿ ತರಕಾರಿಗೆ ಕೃಷಿಭವನದವರು, ಕುಟುಂಬಶ್ರೀಯವರು ಹಾಕುವ ಓಣಂ ಸಂತೆಯನ್ನು ಕಾಯಿರಿ.

ತಂಗಿಯ ಮಗಳ ಮನೆಯಲ್ಲಿ ಮೀನಿಲ್ಲ. ಮೀನು ತರುವ ಮನೆಯವರು 28 ಕಿಲೋವನ್ನು 22ಕ್ಕೆ ಇಳಿಸಬಹುದು. ಆದರೆ ತರಕಾರಿ ದುಬಾರಿಯಾದಾಗ ಮೀನು ತಂದರಾಯಿತು ಅಂತ ಲೆಕ್ಕ ಹಾಕಬೇಡಿ. ಕೇರಳದಲ್ಲಿ ಜೂನ್ ಎರಡನೇ ವಾರದಿಂದ ಜುಲೈ ಕೊನೆಯವರೆಗೆ ಟ್ರಾಲಿಂಗ್ ನಿಷೇಧ. ಎರಡೂ ಒಟ್ಟಿಗೇ ಏರುತ್ತವೆ.

ಡಬ್ಬಿ ಸರಿಯಾಗಿ ನಡೆಯುತ್ತಿದೆಯೇ ಅಂತ ನೋಡಲು ಫೆಬ್ರವರಿಯ ಕೊನೆಗೆ ಎಣಿಸಿ. ಡಿಸೆಂಬರ್, ಜನವರಿ, ಫೆಬ್ರವರಿ ಸೇರಿ 1830 ಇರಬೇಕು. ನೆಂಟರ ಖರ್ಚು ಕಳೆದು 1500 ಇದ್ದರೂ ಸರಿ. ಅದಕ್ಕಿಂತ ಕಡಿಮೆ ಇದ್ದರೆ ಮೊದಲು ಪೇಟೆಯ ಕ್ರಯವನ್ನು ದೂರಬೇಡಿ, ಫ್ರಿಡ್ಜಿನ ತರಕಾರಿ ಪೆಟ್ಟಿಗೆ ತೆರೆಯಿರಿ. ಅಗ್ಗದ ಕಾಲದಲ್ಲೇ ನಾವು ಹೆಚ್ಚು ಎಸೆಯುವುದು. ಕಾಲು ಕಿಲೋ ಸಾಕಾದಲ್ಲಿ ಒಂದು ಕಿಲೋ ತಂದಿರುತ್ತೇವೆ. ಒಂದು ವಾರ ಎಸೆದದ್ದನ್ನೂ ತೂಗಿ ಬರೆಯಲು ಅವಳಿಗೆ ಹೇಳಿದ್ದೆ. ಬಾಡಿದ ಹರಿವೆ, ಬಲಿತ ಬೆಂಡೆ, ಕೊಳೆತ ಕೊತ್ತಂಬರಿ ಸೇರಿ ಒಂದೂವರೆ ಕಿಲೋ ಆಗಿತ್ತು. ಈಗ ಅವಳು ಸೊಪ್ಪು, ಬೆಂಡೆಯನ್ನು ವಾರಕ್ಕೆ ಎರಡು ಸಲ ತರುತ್ತಾಳೆ, ಉಳಿದದ್ದನ್ನು ವಾರಕ್ಕೊಮ್ಮೆ.