ನಾಲ್ಕಡಿ ಅಗಲದ ಫಾಯರ್‌ಗೆ ರೆಂಡರ್: ಕನ್ನಡಿಯೊಳಗೆ ಏನಿದೆ ಎಂದು ಮೊದಲು ನೋಡಿ

ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲ್ಯಾಟುಗಳಲ್ಲಿ ಮುಂಬಾಗಿಲು ತೆರೆದರೆ ಸಿಗುವ ಫಾಯರ್ ಹೆಚ್ಚಾಗಿ ಒಂದು ಓಣಿಯ ಹಾಗೆ ಇರುತ್ತದೆ. ಇಲ್ಲಿ ಹೇಳುತ್ತಿರುವುದು 1200 ಮಿ.ಮೀ. ಅಗಲ, 1800 ಮಿ.ಮೀ. ಉದ್ದ ಇದ್ದು, ಆಮೇಲೆ ಹಾಲ್‌ಗೆ ತೆರೆದುಕೊಳ್ಳುವಂಥ ಒಂದು ಜಾಗಕ್ಕೆ ಬ್ಲೆಂಡರ್‌ನ ಸೈಕಲ್ಸ್‌ನಲ್ಲಿ ನಾನು ಮಾಡಿದ ರೆಂಡರ್ ಬಗ್ಗೆ. ಇಷ್ಟು ಚಿಕ್ಕ ಜಾಗದಲ್ಲಿ ಶೂ ರ‍್ಯಾಕ್, ಕನ್ಸೋಲ್ ಇವುಗಳ ಮಾಡೆಲಿಂಗ್ ಅರ್ಧ ದಿನದ ಕೆಲಸ. ಉಳಿದ ಹೊತ್ತೆಲ್ಲ ಹೋಗುವುದು ಕನ್ನಡಿಗೆ ಮತ್ತು ದೀಪಕ್ಕೆ.

ಮೊದಲು ಅಳತೆ. ಚೌಕಟ್ಟು ಸೇರಿ ಮುಂಬಾಗಿಲು 1050 ಮಿ.ಮೀ. ಅದನ್ನು ಎಡಗೋಡೆಗೆ ಒತ್ತಿ ಕೂರಿಸಿದ್ದಾರೆ, ಬಲಗಡೆ 150 ಮಿ.ಮೀ. ಗೋಡೆ ಉಳಿದಿದೆ. ಚೌಕಟ್ಟಿನ ಮರ 75 ಮಿ.ಮೀ. ಅಂದರೆ ಬಲಗೋಡೆಯಿಂದ 225 ಮಿ.ಮೀ. ತನಕ ಏನಿಟ್ಟರೂ ಒಳಗೆ ಬರುವವರ ಭುಜಕ್ಕೆ ತಗುಲುವುದಿಲ್ಲ. ಈ 225 ಎಂಬ ಸಂಖ್ಯೆಯೇ ಇಡೀ ವಿನ್ಯಾಸವನ್ನು ತೀರ್ಮಾನಿಸಿತು. ಶೂಗಳನ್ನು ನೇರವಾಗಿ ಇಡುವ ಮಾಮೂಲಿ ರ‍್ಯಾಕಿಗೆ 350 ಮಿ.ಮೀ. ಆಳ ಬೇಕು, ಅದು ಬಾಗಿಲ ದಾರಿಯೊಳಕ್ಕೆ 125 ಮಿ.ಮೀ. ಚಾಚುತ್ತದೆ. ಹಾಗಾಗಿ ಶೂಗಳು ಓರೆಯಾಗಿ ನಿಲ್ಲುವ, ಮುಂದಕ್ಕೆ ಬಾಗಿ ತೆರೆಯುವ ಫ್ಲಾಪ್‌ನ ರ‍್ಯಾಕ್ ಆರಿಸಿದೆ. ಅದರ ಆಳ 200 ಮಿ.ಮೀ. ಇದ್ದರೆ ಸಾಕು. ಹಿಡಿಕೆ ಹಾಕಿದರೆ ಉಳಿದ 25 ಮಿ.ಮೀ. ಅದಕ್ಕೇ ಹೋಗುತ್ತದೆ. ಅದಕ್ಕೆ ಹಿಡಿಕೆಯ ಬದಲು ಫ್ಲಾಪ್‌ನ ಮೇಲಂಚಿನಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟೆ.

ಬಾಗಿಲ ಪಕ್ಕದಿಂದ 1050 ಮಿ.ಮೀ. ಉದ್ದಕ್ಕೆ ರ‍್ಯಾಕ್, ಎರಡು ಸಾಲು ಫ್ಲಾಪ್. ಅದರ ಮುಂದಿನ 750 ಮಿ.ಮೀ. ಕನ್ಸೋಲ್. ಕನ್ಸೋಲಿಗೆ ಕಾಲಿಲ್ಲ, ಒಂದೇ ಡ್ರಾಯರ್, ಗೋಡೆಗೆ ತೂಗುಹಾಕಿದ್ದು. ಕೆಳಗಿನ ಖಾಲಿಯಲ್ಲಿ ಕೂತು ಶೂ ಹಾಕಿಕೊಳ್ಳಲು ಒಂದು ಸ್ಟೂಲ್. ಎರಡರ ಮೇಲ್ಹಲಗೆ ಒಂದೇ, ನೆಲದಿಂದ 870 ಮಿ.ಮೀ. ಎತ್ತರದಲ್ಲಿ 1800 ಮಿ.ಮೀ. ಉದ್ದಕ್ಕೂ ತುಂಡಾಗದೆ ಸಾಗುತ್ತದೆ. ರ‍್ಯಾಕ್‌ಗೊಂದು, ಕನ್ಸೋಲ್‌ಗೊಂದು ಎತ್ತರ ಕೊಟ್ಟು ನೋಡಿದಾಗ ಜಾಗ ಇನ್ನೂ ಇಕ್ಕಟ್ಟಾಗಿ ಕಂಡಿತು.

ಮಾಡೆಲ್ ಮಾಡುವಾಗ ಮರದ ಕೆಲಸದ ನಿಜವಾದ ದಪ್ಪಗಳನ್ನೇ ಬಳಸಿ: ಪ್ಲೈವುಡ್ 18 ಮಿ.ಮೀ., ಫ್ಲಾಪ್‌ಗಳ ನಡುವೆ 3 ಮಿ.ಮೀ. ಸಂದು, ಅಂಚುಗಳಿಗೆ 1 ಮಿ.ಮೀ. `Bevel`. ಬೆವೆಲ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಕಂಡರೆ ಆ ವಸ್ತುವಿನ ಸ್ಕೇಲ್ ಅನ್ವಯವಾಗಿಲ್ಲ ಎಂದರ್ಥ. `Ctrl+A` ಒತ್ತಿ `Scale` ಕೊಟ್ಟರೆ ಸರಿಹೋಗುತ್ತದೆ. ಲ್ಯಾಮಿನೇಟ್ ಚಿತ್ರವನ್ನು ಎಂಟಡಿ ಉದ್ದ, ನಾಲ್ಕಡಿ ಅಗಲದ ಹಾಳೆಯ ಅಳತೆಗೇ ಹೊಂದಿಸಬೇಕು. ಇಲ್ಲದಿದ್ದರೆ ಮರದ ಗೆರೆಗಳು ಹಿಗ್ಗಿ, ರ‍್ಯಾಕ್ ಆಟದ ಸಾಮಾನಿನಂತೆ ಕಾಣುತ್ತದೆ.

ಈಗ ಕನ್ನಡಿ. 500 ಮಿ.ಮೀ. ಅಗಲ, 900 ಮಿ.ಮೀ. ಎತ್ತರ, ಕನ್ಸೋಲಿನ ಮೇಲೆ, ಅದರ ನಡುಗೆರೆ ಬಾಗಿಲ ಗೋಡೆಯಿಂದ 1400 ಮಿ.ಮೀ. ದೂರ. ಮುಂಬಾಗಿಲಿಗೆ ಎದುರಾಗಿ ಕನ್ನಡಿ ಬೇಡ ಎನ್ನುವ ಮನೆಯವರೇ ಹೆಚ್ಚು, ಪಕ್ಕದ ಗೋಡೆಯಲ್ಲಿಟ್ಟರೆ ಆ ಮಾತೂ ತಪ್ಪಿತು. ಮೆಟೀರಿಯಲ್ ಸುಲಭ: `Metallic` 1, `Roughness` 0, ಬಣ್ಣ ಅಚ್ಚ ಬಿಳಿಯಲ್ಲ, ಒಂದೆಳೆ ಹಸಿರು ಬೆರೆತ 0.88 ಆಸುಪಾಸು. ಒರಟುತನ 0.05 ಇಟ್ಟರೂ ಬಾತ್‌ರೂಮಿನ ಆವಿ ಹಿಡಿದ ಕನ್ನಡಿಯಾಗುತ್ತದೆ.

ಕಷ್ಟ ಇರುವುದು ಕನ್ನಡಿಯೊಳಗೆ ಏನು ಕಾಣುತ್ತದೆ ಎಂಬುದರಲ್ಲಿ. ಮುಖ್ಯ ಚಿತ್ರಕ್ಕೆ ಕ್ಯಾಮೆರಾವನ್ನು ಹಾಲ್‌ನಲ್ಲಿ ನಿಲ್ಲಿಸಿದೆ: ಬಾಗಿಲ ಗೋಡೆಯಿಂದ 3300, ಬಲಗೋಡೆಯಿಂದ 700, ಎತ್ತರ 1200 ಮಿ.ಮೀ., ಲೆನ್ಸ್ 24 ಮಿ.ಮೀ. ಕ್ಯಾಮೆರಾ ಮೇಲಕ್ಕೂ ಕೆಳಕ್ಕೂ ಬಾಗಬಾರದು. ಚೌಕಟ್ಟು ಹೊಂದಿಸಲು `Shift Y` ಬಳಸಿದರೆ ಬಾಗಿಲಿನ ನಿಲುವುಗಳು ನೆಟ್ಟಗೆ ಉಳಿಯುತ್ತವೆ. ಇಲ್ಲಿಂದ ಕನ್ನಡಿಯ ನಡುಗೆರೆಗೆ ಉದ್ದಕ್ಕೆ 1900, ಅಡ್ಡಕ್ಕೆ 700. ಬಿದ್ದ ಓರೆಯಲ್ಲೇ ಕಿರಣ ತಿರುಗುತ್ತದೆ. ಬಾಗಿಲ ಗೋಡೆಗೆ ಇನ್ನು 1400 ಉಳಿದಿರುವುದರಿಂದ ಅದು ಬಲಗೋಡೆಯಿಂದ 1400 × 700 ÷ 1900, ಅಂದರೆ ಸುಮಾರು 515 ಮಿ.ಮೀ. ದೂರದಲ್ಲಿ ಬಾಗಿಲ ಗೋಡೆಗೆ ತಗುಲುತ್ತದೆ. ಅಲ್ಲಿರುವುದು ಬಾಗಿಲ ಕದವೇ.

ಕದ ಮುಚ್ಚಿದ್ದರೆ ಕನ್ನಡಿಯಲ್ಲಿ ಮರದ ಬಣ್ಣ ಚೆನ್ನಾಗಿ ಕಾಣುತ್ತದೆ. ಆದರೆ ಸ್ವಾಗತದ ಚಿತ್ರ ಎಂದು ಕದ ತೆರೆದಿಟ್ಟರೆ ಕನ್ನಡಿಯ ನಡುವೆ ಬೂದು ಬಣ್ಣದ ತೇಪೆಯೊಂದು ಮೂಡುತ್ತದೆ. ಅದು ಮೆಟೀರಿಯಲ್ ತಪ್ಪಲ್ಲ. ಹೊಸಿಲಿನಾಚೆ ನಾವು ಏನನ್ನೂ ಮಾಡಿಲ್ಲ, ಕನ್ನಡಿ `World` ಬಣ್ಣವನ್ನು ತೋರಿಸುತ್ತಿದೆ, ಅಷ್ಟೆ. ಹೊಸಿಲಿನಿಂದ ಒಂದೂವರೆ ಮೀಟರ್ ಆಚೆಗೆ ಲಿಫ್ಟ್ ಮುಂದಿನ ಗೋಡೆ, ನೆಲ, ಸೂರು, ಎದುರು ಮನೆಯ ಬಾಗಿಲು, 6500 ಕೆಲ್ವಿನ್‌ನ ಒಂದು ಬಿಳಿ ಟ್ಯೂಬ್‌ಲೈಟ್ ಇಟ್ಟೆ. ಹೊರಗೆ ತಣ್ಣನೆಯ ಬಿಳಿ, ಒಳಗೆ ಹಳದಿ: ಮನೆಯೊಳಗಿನ ಬೆಳಕು ಬೆಚ್ಚಗೆ ಕಾಣಲು ಆ ಟ್ಯೂಬ್‌ಲೈಟೇ ಹೆಚ್ಚು ನೆರವಾಯಿತು.

ಎರಡನೇ ಚಿತ್ರ ಬಲಗೋಡೆಯ ನೇರ ನೋಟ. 1800 ಮಿ.ಮೀ. ಗೋಡೆ 24 ಮಿ.ಮೀ. ಲೆನ್ಸಿಗೆ ಅಂಚಿನಿಂದ ಅಂಚಿಗೆ ಹಿಡಿಯಬೇಕಾದರೆ ಸರಿಯಾಗಿ 1200 ಮಿ.ಮೀ. ದೂರ ನಿಲ್ಲಬೇಕು, ಅಂದರೆ ಎಡಗೋಡೆಗೆ ಬೆನ್ನು ಒರಗಿಸಿ. ಅಂಚಿನಲ್ಲಿ ಒಂದಿಷ್ಟೂ ಉಸಿರಾಟವಿಲ್ಲ. ಹಾಗಾಗಿ ಕ್ಯಾಮೆರಾ ಗೋಡೆಯಾಚೆ ಹೋಗಲೇಬೇಕು. ಅನೇಕರು ಆಗ ಎಡಗೋಡೆಯನ್ನೇ ಅಳಿಸಿಬಿಡುತ್ತಾರೆ. ಅಳಿಸಿದರೆ ಗೋಡೆಯಿಂದ ಪುಟಿಯುತ್ತಿದ್ದ ಬೆಳಕೂ ಹೋಗುತ್ತದೆ, ಕನ್ನಡಿಯಲ್ಲಿ ಮತ್ತೆ ಬೂದು ತುಂಬುತ್ತದೆ. ಅದರ ಬದಲು ಗೋಡೆಯನ್ನು ಆಯ್ಕೆ ಮಾಡಿ `Object Properties` ಒಳಗಿನ `Visibility`, ಅದರೊಳಗೆ `Ray Visibility` ತೆರೆದು `Camera` ಗುರುತನ್ನಷ್ಟೇ ತೆಗೆಯಿರಿ. ಕ್ಯಾಮೆರಾಗೆ ಗೋಡೆ ಮಾಯ, ಬೆಳಕಿಗೂ ಕನ್ನಡಿಗೂ ಗೋಡೆ ಇದ್ದ ಹಾಗೇ ಇದೆ.

ಆಮೇಲೂ ಒಂದು ತೊಡಕು ಉಳಿಯುತ್ತದೆ. ನೇರ ನೋಟದಲ್ಲಿ ಕನ್ನಡಿ ತೋರಿಸುವುದು ಎದುರಿನ ಬೋಳು ಬಿಳಿ ಗೋಡೆ. ಚಿತ್ರ ನೋಡಿದವರಿಗೆ ಅದು ಕನ್ನಡಿ ಅನಿಸದೆ, ಚೌಕಟ್ಟು ಹೊಡೆದ ಬಿಳಿ ಹಲಗೆ ಅನಿಸುತ್ತದೆ. ಕನ್ನಡಿ ಕನ್ನಡಿಯಾಗಿ ಕಾಣಬೇಕಾದರೆ ಅದರೊಳಗೆ ಗುರುತಿಸಬಹುದಾದ ಒಂದು ವಸ್ತು ಬೇಕು, ಅದರ ಅಂಚು ಚೌಕಟ್ಟಿನಲ್ಲಿ ಕತ್ತರಿಸಿಹೋಗಬೇಕು. ಎದುರುಗೋಡೆಯಲ್ಲಿ ನಾಲ್ಕು ಕೊಕ್ಕೆಯ ಒಂದು ಪಟ್ಟಿ, ಅದಕ್ಕೊಂದು ಛತ್ರಿ, ಒಂದು ಬಟ್ಟೆಚೀಲ ನೇತುಹಾಕಿದೆ. ತೆರೆದ ಕದ ಎಡಗೋಡೆಯ ಮೊದಲ 900 ಮಿ.ಮೀ. ಮಾತ್ರ ಮುಚ್ಚುವುದರಿಂದ ಕೊಕ್ಕೆಗಳಿಗೆ ಅದು ಬಡಿಯುವುದಿಲ್ಲ.

ದೀಪಗಳು ನಾಲ್ಕೇ: ಫಾಲ್ಸ್ ಸೀಲಿಂಗ್‌ನಲ್ಲಿ ಎರಡು 7 ವ್ಯಾಟ್ ಸ್ಪಾಟ್, ಕನ್ನಡಿಯ ಹಿಂದೆ ಒಂದು ಎಲ್‌ಇಡಿ ಸ್ಟ್ರಿಪ್, ರ‍್ಯಾಕಿನ ಅಡಿಯಲ್ಲಿ ಇನ್ನೊಂದು. ಪೆಟ್ಟಿಗೆಯ ಮೇಲಿನ 7 ಅನ್ನು ಹಾಗೇ ಬ್ಲೆಂಡರ್‌ಗೆ ಬರೆಯಬಾರದು. ಪೆಟ್ಟಿಗೆಯದು ಕರೆಂಟಿನ ವ್ಯಾಟ್, ಬ್ಲೆಂಡರ್ ಕೇಳುವುದು ಹೊರಬೀಳುವ ಬೆಳಕಿನ ವ್ಯಾಟ್. ಎಲ್‌ಇಡಿಯಲ್ಲಿ ಅದು ಸುಮಾರು ಮೂರನೇ ಒಂದು ಭಾಗ, ಹೆಚ್ಚುಕಡಿಮೆ 2. ಆದರೆ `Spot` ದೀಪಕ್ಕೆ 2 ಬರೆದರೆ ಫಾಯರ್ ಕತ್ತಲಾಗಿಯೇ ಇರುತ್ತದೆ. ಬ್ಲೆಂಡರ್‌ನಲ್ಲಿ ಸ್ಪಾಟ್‌ನ ಕೋನ ಕಿರಿದು ಮಾಡಿದರೆ ಬೆಳಕು ಒಟ್ಟುಗೂಡುವುದಿಲ್ಲ; ಎಲ್ಲ ದಿಕ್ಕಿಗೂ ಹೋಗುತ್ತಿದ್ದ ಬೆಳಕಿನಲ್ಲಿ ಕೋನದಾಚೆಯದು ಕತ್ತರಿಸಿಹೋಗುತ್ತದೆ. 60 ಡಿಗ್ರಿ ಕೋನದೊಳಗೆ ಉಳಿಯುವುದು ಹದಿನೈದರಲ್ಲಿ ಒಂದು ಪಾಲು. ಹಾಗಾಗಿ 2 ಅನ್ನು 15ರಿಂದ ಗುಣಿಸಿ 30 ಬರೆದೆ. ಸ್ಟ್ರಿಪ್‌ಗಳು `Area` ದೀಪಗಳಾದ್ದರಿಂದ ಈ ಗುಣಾಕಾರ ಬೇಡ: ಕನ್ನಡಿಯ ಸುತ್ತ ಒಟ್ಟು 1, ರ‍್ಯಾಕಿನಡಿ 0.6. ಇಷ್ಟಾದರೂ ಚಿತ್ರ ಮಬ್ಬಾಗಿದ್ದರೆ ದೀಪಗಳನ್ನು ಒಂದೊಂದಾಗಿ ಏರಿಸಬೇಡಿ, ಅವುಗಳ ನಡುವಿನ ಅನುಪಾತ ಕೆಡುತ್ತದೆ. `Exposure` 1.5ರಿಂದ 2ರವರೆಗೆ ಏರಿಸಿ.

ಸ್ಪಾಟ್‌ಗಳಲ್ಲಿ ಒಂದು ಕನ್ಸೋಲಿನ ಮೇಲೆ, ಗೋಡೆಯಿಂದ 250 ಮಿ.ಮೀ. ದೂರ. ಇನ್ನೂ ಹತ್ತಿರ ತಂದರೆ ಗೋಡೆಯ ಮೇಲೆ ಚೂಪಾದ ಬೆಳಕಿನ ಕಮಾನು ಬಿದ್ದು ಕನ್ನಡಿಯ ಹಿಂದಿನ ಪ್ರಭೆಯನ್ನು ನುಂಗುತ್ತದೆ. ಆ ಪ್ರಭೆಗಾಗಿ ಕನ್ನಡಿಯನ್ನು ಗೋಡೆಯಿಂದ 25 ಮಿ.ಮೀ. ಮುಂದಕ್ಕೆ ತಂದು, ಸ್ಟ್ರಿಪ್ಪನ್ನು ಅಂಚಿನಿಂದ 40 ಮಿ.ಮೀ. ಒಳಗೆ ಗೋಡೆಗೆ ಮುಖ ಮಾಡಿ ಇಟ್ಟೆ. ಇನ್ನೊಂದು ಸ್ಪಾಟ್ ಬಾಗಿಲ ಹತ್ತಿರ, ಬೀಗ ಹಾಕುವವರ ಕೈಗೆ ಬೆಳಕು ಬೀಳುವಂತೆ.

ರ‍್ಯಾಕಿನಡಿಯ ಸ್ಟ್ರಿಪ್ಪಿನಲ್ಲಿ ಎಚ್ಚರ ಬೇಕು. ನೆಲ ಹೊಳಪಿನ ವಿಟ್ರಿಫೈಡ್ ಟೈಲ್ಸ್ ಆಗಿದ್ದರೆ ಅದೂ ಒಂದು ಕನ್ನಡಿಯೇ. ಕೆಳಮುಖವಾಗಿಟ್ಟ ಸ್ಟ್ರಿಪ್ ನೆಲದಲ್ಲಿ ಉರಿಯುವ ಗೆರೆಯಾಗಿ ಕಾಣುತ್ತದೆ. ರೆಂಡರ್‌ನಲ್ಲಿ `Glossy` ಗುರುತು ತೆಗೆದು ಇದನ್ನು ಮುಚ್ಚಿಹಾಕಬಹುದು, ಆದರೆ ಮನೆಯಲ್ಲಿ ಆ ಗೆರೆ ಕಂಡೇ ಕಾಣುತ್ತದೆ, ಮಾತು ಕೇಳಬೇಕಾದವರು ನಾವು. ಸ್ಟ್ರಿಪ್ಪನ್ನು ಹಿಂಭಾಗದ ಗೋಡೆಯ ಕಡೆಗೆ ತಿರುಗಿಸಿ, ಮುಂದೆ 18 ಮಿ.ಮೀ. ಪಟ್ಟಿ ಇಳಿಬಿಟ್ಟರೆ ಎರಡೂ ಕಡೆ ಸರಿಯಾಗುತ್ತದೆ.

ಬಣ್ಣಕ್ಕೆ ನಾಲ್ಕೂ ದೀಪಗಳಿಗೆ `Blackbody` 3000. ಹಾಗೇ ಬಿಟ್ಟರೆ ಗೋಡೆ ಅರಿಶಿನ ಬಳಿದಂತಾಗುತ್ತದೆ. ನಮ್ಮ ಕಣ್ಣು ಹಳದಿ ಬೆಳಕಿಗೆ ಒಗ್ಗಿಕೊಳ್ಳುತ್ತದೆ, ಪರದೆಗೆ 6500 ಕೆಲ್ವಿನ್ನೇ ಬಿಳಿ. ಬ್ಲೆಂಡರ್ 4.3ರಿಂದೀಚೆಗೆ `Color Management` ಒಳಗೆ `White Balance` ಇದೆ. ಅಲ್ಲಿ 4200 ಕೊಟ್ಟೆ. ಬೆಚ್ಚಗಿನ ಛಾಯೆ ಉಳಿಯಿತು, ಬಿಳಿ ಗೋಡೆ ಬಿಳಿಯಾಗಿಯೇ ಕಂಡಿತು. ಹಳೆಯ ಆವೃತ್ತಿಯವರು ದೀಪವನ್ನೇ 4500ಕ್ಕೆ ಏರಿಸಿಕೊಳ್ಳಬಹುದು. `AgX` ನಲ್ಲಿ ಬಿಳಿ ಸ್ವಲ್ಪ ಮಂಕು, `Medium High Contrast` ಲುಕ್ ಅದನ್ನು ತಿದ್ದುತ್ತದೆ.

ಮರೆಯಾದ ದೀಪಗಳೇ ಹೆಚ್ಚಿರುವುದರಿಂದ ಮೂಲೆಗಳು ಕಪ್ಪಾಗುತ್ತವೆ. `Diffuse` ಬೌನ್ಸ್ 4ರಿಂದ 8ಕ್ಕೆ ಏರಿಸಿದೆ. ಬಿಳಿ ಚುಕ್ಕಿಗಳು ಸಿಡಿದರೆ `Reflective` ಕಾಸ್ಟಿಕ್ಸ್ ತೆಗೆಯಿರಿ. ಸ್ಯಾಂಪಲ್ 512, ಜೊತೆಗೆ ಡಿನಾಯ್ಸ್.

ಮನೆಯವರಿಗೆ ಕಳಿಸುವ ಮೊದಲು ಬಣ್ಣವಿಲ್ಲದ ಇನ್ನೊಂದು ರೆಂಡರ್ ತೆಗೆಯುತ್ತೇನೆ: ಕದ ಪೂರ್ತಿ ತೆರೆದು, ಫ್ಲಾಪ್‌ಗಳನ್ನೂ ತೆರೆದು, ಕನ್ಸೋಲಿನ ಡ್ರಾಯರ್ ಹೊರಗೆಳೆದು. ಫ್ಲಾಪ್ ತೆರೆದಾಗ ಒಂದು ಗೇಣು ಮುಂದೆ ಬರುತ್ತದೆ, ಎದುರಿಗೆ ಕದ ನಿಂತಿರುತ್ತದೆ, ನಡುವೆ ಒಬ್ಬರು ನಿಲ್ಲಲು ಜಾಗ ಇದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಅದೇ ಚಿತ್ರದಲ್ಲಿ ಡಿಬಿ ಬಾಕ್ಸನ್ನೂ ಇಡಿ. ಅಪಾರ್ಟ್‌ಮೆಂಟುಗಳಲ್ಲಿ ಎಂಸಿಬಿಗಳ ಆ ಪೆಟ್ಟಿಗೆ ಎಷ್ಟೋ ಸಲ ಫಾಯರ್ ಗೋಡೆಯಲ್ಲೇ ಇರುತ್ತದೆ, ರೆಂಡರ್‌ಗಳಲ್ಲಿ ಮಾತ್ರ ಇರುವುದೇ ಇಲ್ಲ. ಕನ್ನಡಿ ಅದರ ಮೇಲೆ ಬಂದರೆ ಕನ್ನಡಿಗೆ ಕೀಲು ಹಾಕಿ ಬಾಗಿಲಿನಂತೆ ತೆರೆಯುವಂತೆ ಮಾಡಬೇಕು, ಆಗ ಹಿಂದಿನ 25 ಮಿ.ಮೀ. ಸಂದು ಸಾಲದೆ 40 ಬೇಕಾಗುತ್ತದೆ.