ಕರೆಂಟು ಬಂದರೂ ನೆಟ್ ಸರಿಯಾಗಿಲ್ಲವೇ? ಮೊದಲು ಫೈಬರ್ ಡಬ್ಬಿ, ಆಮೇಲೆ ರೂಟರ್

ಪುನರ್ವಸು ಮಳೆ ಹಿಡಿದರೆ ನಮ್ಮ ತೀರ್ಥಹಳ್ಳಿ ಕಡೆ ಕರೆಂಟು ಒಂದೇ ಸಲಕ್ಕೆ ಹೋಗಿ ಸುಮ್ಮನಾಗುವುದಿಲ್ಲ. ಎಲ್ಲೋ ಲೈನಿನ ಮೇಲೆ ಕೊಂಬೆ ಬಿತ್ತು, ಹೋಯ್ತು. ಬಂತು ಅಂದುಕೊಂಡು ಫ್ಯಾನು ನಾಲ್ಕು ಸುತ್ತು ಹಾಕುವಷ್ಟರಲ್ಲಿ ಮತ್ತೆ ಹೋಯ್ತು. ಕಾಲು ಗಂಟೆಯಲ್ಲಿ ಮೂರು ಸಲ ಹೀಗಾಗಿ, ಕೊನೆಗೆ ಕರೆಂಟು ಹೋಗದೆ ನಿಂತಿತು ಎನ್ನುವ ಹೊತ್ತಿಗೆ ವೈಫೈ ಗುರುತು ಪೂರ್ತಿ ಇರುತ್ತದೆ, ನೆಟ್ ಮಾತ್ರ ಇರುವುದಿಲ್ಲ. ಇಲ್ಲವೇ ಅರ್ಧಂಬರ್ಧ ಇರುತ್ತದೆ. ಹೆಚ್ಚಿನ ಸಲ ಫೈಬರ್ ಲೈನಿಗೆ ಏನೂ ಆಗಿರುವುದಿಲ್ಲ. ಮನೆಯ ಎರಡು ಪೆಟ್ಟಿಗೆಗಳು ತಪ್ಪು ಹೊತ್ತಿನಲ್ಲಿ ಎದ್ದಿರುತ್ತವೆ, ಅಷ್ಟೆ.

ಎರಡು ಪೆಟ್ಟಿಗೆ ಅಂದರೆ, ಹೊರಗಿನ ತೆಳ್ಳನೆ ಫೈಬರ್ ತಂತಿ ಬಂದು ಸೇರುವ ಡಬ್ಬಿ ಒಂದು (ಕೇಬಲ್ ಹುಡುಗರು ಇದನ್ನು ಓಎನ್‌ಟಿ ಅಥವಾ ಓಎನ್‌ಯು ಅನ್ನುತ್ತಾರೆ), ಅದರಿಂದ ವೈರ್ ಎಳೆದು ವೈಫೈ ಕೊಡುವ ರೂಟರ್ ಇನ್ನೊಂದು. ನಿಮ್ಮಲ್ಲಿ ಎರಡೂ ಸೇರಿದ ಒಂದೇ ಡಬ್ಬಿ ಇದ್ದರೆ ಈ ಕ್ರಮದ ಗೊಡವೆ ಇಲ್ಲ.

ಎದ್ದ ಕೂಡಲೇ ಫೈಬರ್ ಡಬ್ಬಿಗೆ ದೊಡ್ಡ ಕೆಲಸ ಇರುತ್ತದೆ. ಬೆಳಕು ಬರುತ್ತಿದೆಯಾ ನೋಡಬೇಕು. ಕೇಬಲ್ ಆಫೀಸಿನ ಮುಖ್ಯ ಪೆಟ್ಟಿಗೆಗೆ ತಾನು ಯಾರೆಂದು ಹೇಳಬೇಕು. ಒಂದೇ ಫೈಬರನ್ನು ಎಷ್ಟೋ ಮನೆಗಳು ಹಂಚಿಕೊಂಡಿರುತ್ತವೆ, ಹಾಗಾಗಿ ಯಾವ ಕ್ಷಣದಲ್ಲಿ ಮಾತಾಡಬೇಕು ಎಂದು ಅಲ್ಲಿಂದ ಸರದಿ ಪಡೆಯಬೇಕು. ಇದೆಲ್ಲ ಮುಗಿಯಲು ಒಂದರಿಂದ ಮೂರು ನಿಮಿಷ ಬೇಕು. ಆದರೆ ರೂಟರಿಗೆ ಹೋಗುವ ವೈರಿನ ಪೋರ್ಟು ಅದಕ್ಕೂ ಮೊದಲೇ, ಕೆಲವೇ ಸೆಕೆಂಡಿನಲ್ಲಿ ಎದ್ದುಬಿಡುತ್ತದೆ. ರೂಟರಿಗೆ ವೈರ್ ಸಿಕ್ಕಿತು ಅನ್ನಿಸುತ್ತದೆ, ಲಾಗಿನ್ ಮಾಡಲು ಕರೆಯುತ್ತದೆ. ಆಚೆ ಯಾರೂ ಇಲ್ಲ. ನಾಲ್ಕಾರು ಸಲ ಕರೆದು ಉತ್ತರ ಬಾರದಿದ್ದರೆ ಕೆಲವು ರೂಟರ್‌ಗಳು ಮುಂದಿನ ಪ್ರಯತ್ನವನ್ನು ತಡಮಾಡುತ್ತಾ ಹೋಗುತ್ತವೆ, ಕೆಲವು ಕೈಚೆಲ್ಲಿ ಕೂರುತ್ತವೆ.

ಇನ್ನೊಂದು ತೊಡಕೂ ಇದೆ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವ ಲೈನ್ ನಿಮ್ಮದಾದರೆ (ರೂಟರ್ ಪುಟದಲ್ಲಿ PPPoE ಎಂದಿರುತ್ತದೆ), ಕರೆಂಟು ಹೋದಾಗ ರೂಟರ್ ಹೇಳದೆ ಕೇಳದೆ ಎದ್ದು ಹೋದಂತೆ. ಆಚೆಯ ಸರ್ವರ್ ಲೆಕ್ಕದಲ್ಲಿ ನೀವಿನ್ನೂ ಒಳಗೇ ಇದ್ದೀರಿ. ಒಂದು ಖಾತೆಗೆ ಒಂದೇ ಲಾಗಿನ್ ಎಂಬ ನಿಯಮ ಇದ್ದರೆ ಹೊಸದಾಗಿ ಬಂದ ನಿಮ್ಮನ್ನೇ ಅದು ಹೊರಗೆ ನಿಲ್ಲಿಸುತ್ತದೆ. ಉತ್ತರ ಬರುತ್ತಿಲ್ಲ ಎಂದು ಅದಕ್ಕೆ ಖಾತ್ರಿಯಾಗಿ ಹಳೆಯದನ್ನು ಅಳಿಸಲು ಕೆಲವು ನಿಮಿಷ ಹಿಡಿಯುತ್ತದೆ. ಆಫ್ ಮಾಡಿದ ತಕ್ಷಣ ಆನ್ ಮಾಡಿದರೆ ಪ್ರಯೋಜನ ಆಗದಿರುವುದು ಇದಕ್ಕೇ.

ಹೀಗೆ ಮಾಡಿ

ಕರೆಂಟು ಬಂದ ಕೂಡಲೇ ಕೈ ಹಾಕಬೇಡಿ. ಐದು ನಿಮಿಷ ಹೋಗದೆ ನಿಂತಿತು ಎಂದಾದ ಮೇಲೆ ಎರಡೂ ಪೆಟ್ಟಿಗೆಗಳನ್ನು ಸ್ವಿಚ್‌ನಲ್ಲೇ ಆಫ್ ಮಾಡಿ, ಇನ್ನೈದು ನಿಮಿಷ ಹಾಗೇ ಬಿಡಿ. ಕಾಫಿ ಕುಡಿಯಿರಿ. ಸರ್ವರ್ ಹಳೆಯ ಲಾಗಿನ್ ಮರೆಯಲು ಈ ಹೊತ್ತು ಬೇಕು.

ಈಗ ಫೈಬರ್ ಡಬ್ಬಿ ಮಾತ್ರ ಆನ್ ಮಾಡಿ. ಅದರ ಮೇಲೆ PON, LOS ಎಂದು ಬರೆದ ಎರಡು ದೀಪ ಹುಡುಕಿ. PON ಮೊದಲು ಮಿಣುಕುತ್ತದೆ, ಸರದಿ ಸಿಕ್ಕಿದ ಮೇಲೆ ಹಸಿರಾಗಿ ನಿಲ್ಲುತ್ತದೆ. LOS ಆರಿರಬೇಕು. PON ಅಲುಗಾಡದೆ ಒಂದು ನಿಮಿಷ ನಿಂತ ಮೇಲೆ ರೂಟರ್ ಆನ್ ಮಾಡಿ, ಅದಕ್ಕೂ ಎರಡು ನಿಮಿಷ ಕೊಡಿ.

ಆಮೇಲೆ ಮೊಬೈಲಿನಲ್ಲಿ ರೂಟರ್ ಪುಟ ತೆರೆಯಿರಿ. ಸಾಮಾನ್ಯವಾಗಿ 192.168.0.1 ಅಥವಾ 192.168.1.1, ರೂಟರಿನ ಅಡಿಯಲ್ಲಿ ಬರೆದಿರುತ್ತದೆ. WAN ಎಂಬಲ್ಲಿ 0.0.0.0 ಕಂಡರೆ ಲಾಗಿನ್ ಇನ್ನೂ ಆಗಿಲ್ಲ. ಅಲ್ಲೇ ಇರುವ Connect ಒತ್ತಿ.

ಕಡ್ಡಿ ಚುಚ್ಚುವ ರೀಸೆಟ್ ತೂತಿಗೆ ಮಾತ್ರ ಕೈ ಹಾಕಬೇಡಿ. ಅದು ಬರೀ ಆಫ್-ಆನ್ ಅಲ್ಲ, ಒಳಗಿರುವ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸುತ್ತದೆ. ಆಮೇಲೆ ಮಳೆಯಲ್ಲಿ ಕೇಬಲ್ ಹುಡುಗ ಬರುವವರೆಗೆ ಕಾಯಬೇಕು.

ನೆಟ್ ಬಂತು, ಸ್ಪೀಡ್ ಬರಲಿಲ್ಲ

ನಮ್ಮ ಮನೆಯಲ್ಲಿ ಆಗಿದ್ದು ಇದು. ಫೈಬರ್ ಡಬ್ಬಿ ಜಗಲಿಯಲ್ಲಿ, ಮಾಮೂಲಿ ಕರೆಂಟಿನಲ್ಲಿ. ರೂಟರ್ ನಡುಮನೆಯಲ್ಲಿ, ಇನ್ವರ್ಟರಿನಲ್ಲಿ. ಕರೆಂಟು ಹೋದಾಗಲೆಲ್ಲ ಡಬ್ಬಿ ಮಲಗುತ್ತಿತ್ತು, ರೂಟರ್ ಎಚ್ಚರವಾಗಿರುತ್ತಿತ್ತು. ಪ್ಲಾನು 200 ಎಂಬಿಪಿಎಸ್. ಒಂದು ಸಂಜೆ ಹೀಗೆ ಕಣ್ಣಾಮುಚ್ಚಾಲೆ ಆಡಿದ ಮೇಲೆ, ವೈರ್ ಹಾಕಿದ ಲ್ಯಾಪ್‌ಟಾಪಿನಲ್ಲಿ ಎಷ್ಟು ಸಲ ನೋಡಿದರೂ 94. ಒಂದು ಸಲ 93, ಮತ್ತೆ 94. ಲೈನೇ ನಿಧಾನವಾಗಿದ್ದರೆ ಅಂಕಿ ಏರಿಳಿಯುತ್ತದೆ. ಇದು ಗೋಡೆಗೆ ತಾಗಿದ ಹಾಗೆ ಅಲ್ಲೇ ನಿಲ್ಲುತ್ತಿತ್ತು. ಅದೇ ಸುಳಿವು. 100ರ ಲಿಂಕ್‌ನಲ್ಲಿ ನಮ್ಮ ಕೈಗೆ ಸಿಗುವುದೇ ಹೆಚ್ಚೆಂದರೆ ಅಷ್ಟು.

ರೂಟರ್ ಪುಟದಲ್ಲಿ ನೋಡಿದರೆ WAN ವೇಗ 1000 ಇರಬೇಕಾದಲ್ಲಿ 100 ಎಂದಿತ್ತು. ಫೈಬರ್ ಡಬ್ಬಿಯಿಂದ ರೂಟರಿಗೆ ಬರುವ ವೈರಿನ ಎರಡು ತುದಿಯ ಪೋರ್ಟುಗಳು ಸೇರಿದಾಗ ಎಷ್ಟು ವೇಗ ಎಂದು ಮೊದಲು ಒಪ್ಪಂದ ಮಾಡಿಕೊಳ್ಳುತ್ತವೆ. 1000ಕ್ಕೆ ವೈರಿನೊಳಗಿನ ನಾಲ್ಕೂ ಜೋಡಿ ತಂತಿ ಸರಿಯಿರಬೇಕು, 100ಕ್ಕೆ ಎರಡು ಜೋಡಿ ಸಾಕು. ದೊಡ್ಡದಕ್ಕೆ ಕೆಲವು ಸಲ ಪ್ರಯತ್ನಿಸಿ ಆಗದಿದ್ದರೆ ಚಿಕ್ಕದಕ್ಕೆ ಇಳಿಯುತ್ತವೆ. ಇಳಿದ ಮೇಲೆ, ವೈರ್ ಒಮ್ಮೆ ಕಡಿದು ಸೇರುವವರೆಗೆ ಮತ್ತೆ ಏರುವ ಗೋಜಿಗೆ ಹೋಗುವುದಿಲ್ಲ.

ಎರಡೂ ಪೆಟ್ಟಿಗೆ ಆನ್ ಇರುವಾಗಲೇ ಆ ವೈರ್ ಕಿತ್ತು, ಹತ್ತು ಎಣಿಸಿ, ಮತ್ತೆ ಚುಚ್ಚಿದೆ. 1000 ಬಂತು, ಸ್ಪೀಡ್ 190 ದಾಟಿತು. ಗೆದ್ದೆ ಅಂದುಕೊಂಡೆ. ಎರಡು ದಿನಕ್ಕೆ ಮತ್ತೆ ಕರೆಂಟು ಹೋಗಿ ಬಂತು, ಮತ್ತೆ 94. ಆಗ ವೈರಿನ ಕ್ಲಿಪ್ ಬೆಳಕಿಗೆ ಹಿಡಿದು ನೋಡಿದೆ. ಜಗಲಿಯ ತೇವಕ್ಕೆ ಒಂದು ತಂತಿಯ ತುದಿ ಹಸಿರುಗಟ್ಟಿತ್ತು. ಹೊಸ ವೈರ್ ಹಾಕಿದ ಮೇಲೆ ಆ ಅಂಕಿ ಮತ್ತೆ ಕಂಡಿಲ್ಲ. ಕ್ರಮವಾಗಿ ಆನ್ ಮಾಡಿದರೂ ಇದೇ ತೊಂದರೆ ಮರುಕಳಿಸಿದರೆ ವೈರ್ ಬದಲಿಸಿ, ಸುಮ್ನೆ ಪ್ರತಿದಿನ ಕಿತ್ತು ಚುಚ್ಚುತ್ತಾ ಕೂರಬೇಡಿ.

ಕೆಂಪು ದೀಪ ಉರಿದರೆ

LOS ಕೆಂಪಗೆ ಮಿಣುಕುತ್ತಿದ್ದರೆ ಡಬ್ಬಿಗೆ ಬೆಳಕೇ ಬರುತ್ತಿಲ್ಲ. ಯಾವ ಕ್ರಮದಲ್ಲಿ ಆನ್ ಮಾಡಿದರೂ ಅಷ್ಟೇ. ಕಂಬದ ಮೇಲಿನ ಫೈಬರ್ ಕಡಿದಿರಬಹುದು, ಇಲ್ಲವೇ ಆಚೆಯ ಮುಖ್ಯ ಪೆಟ್ಟಿಗೆಯ ಬ್ಯಾಟರಿ ಮುಗಿದಿರಬಹುದು. ಪಕ್ಕದ ಮನೆಯಲ್ಲೂ ಕೆಂಪಿದ್ದರೆ ತೊಂದರೆ ನಿಮ್ಮೊಬ್ಬರದಲ್ಲ. LOS ಆರಿದ್ದೂ PON ಮಿಣುಕುತ್ತಲೇ ಇದ್ದರೆ ಬೆಳಕು ಕುಂದಿರಬಹುದು. ಡಬ್ಬಿಯ ಪುಟದಲ್ಲಿ Rx Power -27 dBmಗಿಂತ ಕೆಳಗೆ, ಅಂದರೆ -28, -29 ಕಂಡರೆ ಫೈಬರನ್ನೇ ನೋಡಿಸಬೇಕು.

ಫೋನ್ ಮಾಡಿದಾಗ ಕೇಬಲ್ ಹುಡುಗ, "ಅಕ್ಕಾ, ನಿಮ್ಮ ಡಬ್ಬಿ ಪವರ್ ಆಫ್ ತೋರಿಸ್ತಿದೆ, ಫೈಬರ್ ಕಟ್ ಆಗಿಲ್ಲ" ಎಂದರೆ ನಂಬಿ. ಈ ಡಬ್ಬಿಗಳಲ್ಲಿ ಹೆಚ್ಚಿನವು ಕರೆಂಟು ಹೋಗುವ ಕ್ಷಣದಲ್ಲಿ, ಉಳಿದ ಚೂರು ಶಕ್ತಿಯಲ್ಲೇ "ನನಗೆ ಕರೆಂಟಿಲ್ಲ" ಎಂದು ಆಚೆಗೆ ಕೊನೆಯ ಮಾತು ಕಳಿಸಿ ಆರುತ್ತವೆ. ಕರೆಂಟಿದ್ದೂ ಹಾಗೆ ತೋರಿಸುತ್ತಿದ್ದರೆ ಅಡಾಪ್ಟರ್ ಕೆಟ್ಟಿರಬಹುದು.

ನಾವೀಗ ಜಗಲಿಗೂ ಇನ್ವರ್ಟರ್ ಲೈನ್ ಎಳೆಸಿದ್ದೇವೆ. ಇನ್ವರ್ಟರ್ ಇಲ್ಲದವರು ಎರಡೂ ಪೆಟ್ಟಿಗೆಗೆ ಸೇರಿಸಿ ಒಂದು ಮಿನಿ ಯುಪಿಎಸ್ ಹಾಕಬಹುದು, ರೂಟರಿಗೆ ಮಾತ್ರ ಹಾಕಿದರೆ ನಮ್ಮ ಕಥೆಯೇ ಆಗುತ್ತದೆ. ಕೊಳ್ಳುವ ಮೊದಲು ಎರಡೂ ಅಡಾಪ್ಟರ್ ತಿರುಗಿಸಿ ಓದಿ. ಹೆಚ್ಚಿನವು 12 ವೋಲ್ಟು, ಕೆಲವು ರೂಟರ್ 9 ವೋಲ್ಟು. ಪಿನ್ ಒಂದೇ ಥರ ಇರುವುದರಿಂದ ತಪ್ಪು ಪಿನ್ನೂ ಸಲೀಸಾಗಿ ಒಳಗೆ ಹೋಗುತ್ತದೆ.